ಒಂದೇ ತರಗತಿ, ಮೂರು ಮೇಜು: ಕಾರ್ಯವಾದಕ್ಕೂ ಸಂಘರ್ಷ ಸಿದ್ಧಾಂತಕ್ಕೂ ನಿಜವಾದ ವ್ಯತ್ಯಾಸ ಎಲ್ಲಿದೆ?

ಮೊದಲ_ಸೆಮಿಸ್ಟರ್

ಪದವಿ ಮೊದಲ ವರ್ಷ, ಸಮಾಜಶಾಸ್ತ್ರ. ಶಾಲೆಯ ತರಗತಿಯನ್ನು ಉದಾಹರಣೆಯಾಗಿಟ್ಟುಕೊಂಡು ರಚನಾತ್ಮಕ ಕಾರ್ಯವಾದವನ್ನೂ ಸಂಘರ್ಷ ಸಿದ್ಧಾಂತವನ್ನೂ ಹೋಲಿಸಿ ಅಂತ ಅಸೈನ್‌ಮೆಂಟ್ ಇತ್ತು. ನಾನು ಬರೆದದ್ದು ಇಷ್ಟು: ಕಾರ್ಯವಾದಿಗಳ ಪ್ರಕಾರ ತರಗತಿ ಮಕ್ಕಳಿಗೆ ಶಿಸ್ತು, ಮೌಲ್ಯ, ಜ್ಞಾನ ಕೊಡುತ್ತದೆ, ಆದ್ದರಿಂದ ಅದು ಸಮಾಜಕ್ಕೆ ಒಳ್ಳೆಯದು. ಸಂಘರ್ಷ ಸಿದ್ಧಾಂತದ ಪ್ರಕಾರ ತರಗತಿ ಬಡವರನ್ನು ಹಿಂದೆ ತಳ್ಳುತ್ತದೆ, ಆದ್ದರಿಂದ ಕೆಟ್ಟದ್ದು. ಮೇಡಂ ಅಂಚಿನಲ್ಲಿ "ಇದು ಅಭಿಪ್ರಾಯ, ಸಿದ್ಧಾಂತ ಅಲ್ಲ" ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಎರಡು ದಿನದಲ್ಲಿ ಮತ್ತೆ ಬರೆಯಬೇಕು. ಎಲ್ಲಿ ತಪ್ಪಿದೆ ಅಂತ ಯಾರಾದರೂ ಹೇಳ್ತೀರಾ?

ಗಣಿತದವನು

ನಿಮ್ಮ ಉದಾಹರಣೆ ಆಯ್ಕೆಯೇ ಸರಿ ಇಲ್ಲ ಅನ್ನಿಸುತ್ತೆ. ಸಂಘರ್ಷ ಅಂದ ಮೇಲೆ ಜಗಳ ಇರಬೇಕಲ್ಲ? ಹುಡುಗರು ಬೆಂಚಿಗಾಗಿ ಹೊಡೆದಾಡೋದು, ಮೇಷ್ಟ್ರ ಮೇಲೆ ತಿರುಗಿ ಬೀಳೋದು, ಇಂಥದ್ದನ್ನು ಬರೆಯಿರಿ. ತೆಪ್ಪಗೆ ಪಾಠ ನಡೀತಿರೋ ಕ್ಲಾಸಿಗೆ ಕಾರ್ಯವಾದ, ಗಲಾಟೆ ಕ್ಲಾಸಿಗೆ ಸಂಘರ್ಷ ಸಿದ್ಧಾಂತ. ಲೆಕ್ಕ ಸರಿಹೋಯ್ತು.

ನೆರಳುಬಳ್ಳಿ

ಗಣಿತದವರೇ, ಲೆಕ್ಕ ತಪ್ಪಿದ್ದು ಅಲ್ಲೇ. ಸಂಘರ್ಷ ಸಿದ್ಧಾಂತಕ್ಕೆ ಹೊಡೆದಾಟ ಬೇಕಿಲ್ಲ. ಹೇಳಬೇಕೆಂದರೆ ಅದಕ್ಕೆ ಹೆಚ್ಚು ಕುತೂಹಲ ಹುಟ್ಟಿಸುವುದು ಗಲಾಟೆಯೇ ಇಲ್ಲದ ತರಗತಿ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ ಸಿಗುತ್ತಿದ್ದರೂ ಯಾರೂ ತಕರಾರು ಎತ್ತುತ್ತಿಲ್ಲ ಎಂದರೆ ಅದು ಹೇಗೆ ಸಾಧ್ಯವಾಯಿತು ಎಂದು ಅದು ಕೇಳುತ್ತದೆ. ಇಲ್ಲಿ ಸಂಘರ್ಷ ಅಂದರೆ ಹಿತಾಸಕ್ತಿಗಳ ನಡುವಿನದು, ಮುಷ್ಟಿಗಳ ನಡುವಿನದಲ್ಲ.

ಮೊದಲ_ಸೆಮಿಸ್ಟರ್, ನಿಮ್ಮ ಬರವಣಿಗೆಯ ತೊಂದರೆ "ಆದ್ದರಿಂದ ಒಳ್ಳೆಯದು", "ಆದ್ದರಿಂದ ಕೆಟ್ಟದ್ದು" ಎಂಬ ಎರಡು ತುಣುಕುಗಳಲ್ಲಿದೆ. ಎರಡೂ ಸಿದ್ಧಾಂತಗಳು ತರಗತಿಗೆ ಅಂಕ ಕೊಡಲು ಬಂದವಲ್ಲ, ಬೇರೆ ಬೇರೆ ಪ್ರಶ್ನೆ ಕೇಳಲು ಬಂದವು. ಕಾರ್ಯವಾದದ ಪ್ರಶ್ನೆ: ಇಲ್ಲಿ ನಡೆಯುತ್ತಿರುವುದು ಇಡೀ ವ್ಯವಸ್ಥೆ ನಿಂತಿರಲು ಯಾವ ಕೆಲಸ ಮಾಡಿಕೊಡುತ್ತಿದೆ? ಸಂಘರ್ಷ ಸಿದ್ಧಾಂತದ ಪ್ರಶ್ನೆ: ಈ ಏರ್ಪಾಟಿನಿಂದ ಯಾರಿಗೆ ಏನು ಸಿಗುತ್ತಿದೆ, ಇದನ್ನು ಬದಲಾಯಿಸದೆ ಉಳಿಸಿಕೊಳ್ಳುವ ಶಕ್ತಿ ಯಾರ ಕೈಯಲ್ಲಿದೆ? ಒಂದೇ ಸಂಗತಿಯನ್ನು ಹಿಡಿದು ಎರಡೂ ಪ್ರಶ್ನೆ ಕೇಳಿದರೆ ಮಾತ್ರ ಹೋಲಿಕೆ. ಶಿಸ್ತಿಗೆ ಒಂದು ಸಿದ್ಧಾಂತ, ಬಡತನಕ್ಕೆ ಇನ್ನೊಂದು ಎಂದು ಹಂಚಿಬಿಟ್ಟರೆ ಅವೆರಡೂ ಎದುರುಬದುರು ಬರುವುದೇ ಇಲ್ಲ.

ಹಾಗಾಗಿ ತರಗತಿಯಿಂದ ಒಂದೇ ಒಂದು ಸಂಗತಿ ಎತ್ತಿಕೊಳ್ಳಿ. ನನ್ನ ಸಲಹೆ: ಮಕ್ಕಳನ್ನು ಗುಂಪು ಮಾಡಿ ಕೂರಿಸುವುದು.

ಕೆಂಪುಶಾಯಿ

ಇಷ್ಟು ಸುತ್ತಿ ಬಳಸಿ ಹೇಳೋ ಅಗತ್ಯ ಏನಿದೆ? 1976ರಲ್ಲೇ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಬೋಲ್ಸ್ ಮತ್ತು ಗಿಂಟಿಸ್ ತೋರಿಸಿಕೊಟ್ಟಿದ್ದಾರೆ. ಶಾಲೆ ಅಂದ್ರೆ ಕಾರ್ಖಾನೆಯ ತಾಲೀಮು. ಗಂಟೆ ಅಂದ್ರೆ ಸೈರನ್, ಅಂಕ ಅಂದ್ರೆ ಕೂಲಿ, ಮೇಷ್ಟ್ರು ಅಂದ್ರೆ ಮೇಸ್ತ್ರಿ. ಬಂಡವಾಳಗಾರರಿಗೆ ಬಾಯಿ ಮುಚ್ಚಿಕೊಂಡು ದುಡಿಯೋರು ಬೇಕು, ಅದಕ್ಕೆ ತಕ್ಕಂತೆ ಶಾಲೆ ಕಟ್ಟಿದ್ದಾರೆ, ಶಿಕ್ಷಕರು ಅದಕ್ಕೆ ತಕ್ಕಂತೆ ತಯಾರು ಮಾಡ್ತಾರೆ. ಕಾರ್ಯವಾದ ಅನ್ನೋದು ಇದನ್ನೆಲ್ಲ ಮುಚ್ಚಿಡೋ ಪರದೆ. ಹೀಗೆ ಬರೆದರೆ ಸಾಕು.

ನೆರಳುಬಳ್ಳಿ

ಅರ್ಧ ಸರಿ. ಅವರ ಮಾತಿನ ತಿರುಳು ಹೋಲಿಕೆಯ ಬಗ್ಗೆ, ಸಂಚಿನ ಬಗ್ಗೆ ಅಲ್ಲ. ಕೆಲಸದ ಜಾಗದಲ್ಲಿ ಯಾರು ಯಾರಿಗೆ ಹೇಳುತ್ತಾರೆ, ಯಾರು ಕೇಳುತ್ತಾರೆ, ಕೆಲಸ ಇಷ್ಟವಾಗದಿದ್ದರೂ ಹೊರಗಿನ ಪ್ರತಿಫಲಕ್ಕಾಗಿ ಹೇಗೆ ಮಾಡಿಸಲಾಗುತ್ತದೆ ಎಂಬ ಸಂಬಂಧಗಳ ಆಕಾರವೇ ತರಗತಿಯಲ್ಲೂ ಕಾಣುತ್ತದೆ ಎನ್ನುವುದು ಅವರ ವಾದ. ಇದಕ್ಕೆ ಶಿಕ್ಷಕರು ಬೇಕೆಂದೇ ಮಾಡುತ್ತಿರಬೇಕು ಎಂದೇನಿಲ್ಲ. ಮಕ್ಕಳನ್ನು ಮನಸಾರೆ ಪ್ರೀತಿಸುವ ಶಿಕ್ಷಕಿಯ ತರಗತಿಯಲ್ಲೂ ಆ ಆಕಾರ ಇರಬಹುದು. ಇನ್ನೊಂದು ಮಾತು ಬಿಟ್ಟಿದ್ದೀರಿ: ಎಲ್ಲ ಮಕ್ಕಳೂ ಒಂದೇ ತರಹ ತಯಾರಾಗುತ್ತಾರೆ ಎಂದು ಅವರು ಹೇಳಲಿಲ್ಲ. ಕೆಳಗಿನ ಕೆಲಸಗಳತ್ತ ಹೋಗುವವರಿಗೆ ನಿಯಮ ಪಾಲಿಸುವುದನ್ನು, ಮೇಲಿನ ಹುದ್ದೆಗಳತ್ತ ಹೋಗುವವರಿಗೆ ಮೇಲ್ವಿಚಾರಣೆ ಇಲ್ಲದೆ ತಾವೇ ಕೆಲಸ ಮಾಡುವುದನ್ನು ಕಲಿಸಲಾಗುತ್ತದೆ ಎಂದರು. ಎಲ್ಲರಿಗೂ ಒಂದೇ ಗಂಟೆ ಬಾರಿಸುತ್ತದೆ, ಆದ್ದರಿಂದ ಗಂಟೆ ಒಂದನ್ನೇ ಹಿಡಿದುಕೊಂಡರೆ ಈ ವ್ಯತ್ಯಾಸ ಕಾಣುವುದಿಲ್ಲ.

ಸೈರನ್ ಉದಾಹರಣೆ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. ಸಮಯಪಾಲನೆ ಕಲಿಸುತ್ತದೆ ಎಂಬುದನ್ನು ಕಾರ್ಯವಾದಿಯೂ ಒಪ್ಪುತ್ತಾನೆ. ಇಬ್ಬರೂ ತಲೆಯಾಡಿಸುವ ಸಂಗತಿಯಿಂದ ವ್ಯತ್ಯಾಸ ತೋರಿಸುವುದು ಕಷ್ಟ. ಇಬ್ಬರ ನಿರೀಕ್ಷೆ ಬೇರೆಯಾಗುವ ಜಾಗ ಬೇಕು.

ಮೊದಲ_ಸೆಮಿಸ್ಟರ್

ಗುಂಪು ಮಾಡಿ ಕೂರಿಸುವುದರಲ್ಲಿ ನಿರೀಕ್ಷೆ ಹೇಗೆ ಬೇರೆಯಾಗುತ್ತೆ? ಚುರುಕಾದವರನ್ನು ಒಂದು ಕಡೆ, ಕಲಿಕೆಯಲ್ಲಿ ಹಿಂದಿರುವವರನ್ನು ಒಂದು ಕಡೆ ಕೂರಿಸಿದರೆ ಪಾಠ ಮಾಡೋಕೆ ಅನುಕೂಲ. ಇದರಲ್ಲಿ ಸಂಘರ್ಷ ಎಲ್ಲಿಂದ ಬಂತು?

ನೆರಳುಬಳ್ಳಿ

ನೀವೀಗ ಹೇಳಿದ್ದೇ ಕಾರ್ಯವಾದದ ಮೊದಲ ಹೆಜ್ಜೆ. ಅದನ್ನು ಪೂರ್ತಿ ಮಾಡೋಣ.

ಟಾಲ್ಕಟ್ ಪಾರ್ಸನ್ಸ್ 1959ರಲ್ಲಿ ಶಾಲಾ ತರಗತಿಯನ್ನೇ ಒಂದು ಸಾಮಾಜಿಕ ವ್ಯವಸ್ಥೆಯಾಗಿ ನೋಡುವ ಪ್ರಬಂಧ ಬರೆದ. ತರಗತಿ ಎರಡು ಕೆಲಸ ಮಾಡುತ್ತದೆ ಎಂದ. ಮೊದಲನೆಯದು ದೊಡ್ಡವರಾದ ಮೇಲೆ ವಹಿಸಬೇಕಾದ ಪಾತ್ರಗಳಿಗೆ ಬೇಕಾದ ಬದ್ಧತೆ ಮತ್ತು ಸಾಮರ್ಥ್ಯವನ್ನು ಮಕ್ಕಳ ಒಳಗೆ ಇಳಿಸುವುದು. ಎರಡನೆಯದು ಆ ಮಕ್ಕಳನ್ನು ಬೇರೆ ಬೇರೆ ಪಾತ್ರಗಳಿಗೆ ಹಂಚುವುದು.

ಅವನ ತರ್ಕದ ಸೊಗಸು ಒಂದನೇ ತರಗತಿಯ ವಿವರದಲ್ಲಿದೆ. ಮನೆಯಲ್ಲಿ ಮಗುವಿಗೆ ಪ್ರೀತಿ ಸಿಗುವುದು ಅದು ಆ ಮನೆಯ ಮಗು ಎಂಬ ಕಾರಣಕ್ಕೆ. ಶಾಲೆಗೆ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಹೆಚ್ಚುಕಡಿಮೆ ಒಂದೇ ವಯಸ್ಸಿನ ಮಕ್ಕಳು, ಎಲ್ಲರಿಗೂ ಒಂದೇ ಕೆಲಸ, ಒಬ್ಬರೇ ಶಿಕ್ಷಕರು, ಅಳೆಯಲು ಒಂದೇ ಅಳತೆಗೋಲು. ಓಟದ ಗೆರೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ ಹಾಗೆ. ವರ್ಷದ ಕೊನೆಯಲ್ಲಿ ಕಾಣುವ ಏರುಪೇರನ್ನು ಆಗ "ಅವರವರು ಗಳಿಸಿದ್ದು" ಎನ್ನಬಹುದು. ಗೆದ್ದವನಷ್ಟೇ ಅಲ್ಲ, ಸೋತವನೂ ಇದು ನ್ಯಾಯ ಎಂದು ಒಪ್ಪಬೇಕು. ಆ ಒಪ್ಪಿಗೆ ಇಲ್ಲದಿದ್ದರೆ ಹಂಚಿಕೆಯಿಂದ ಹುಟ್ಟುವ ಬಿರುಕು ಸಮಾಜವನ್ನು ಒಡೆಯುತ್ತದೆ ಎಂಬುದು ಅವನ ಕಾಳಜಿ.

ಇಲ್ಲಿಂದ ನಿರೀಕ್ಷೆ ಬರೆಯಬಹುದು. ಕಾರ್ಯವಾದ ಸರಿ ಇದ್ದರೆ ಗುಂಪುಗಳು ಸಾಧನೆಯ ಆಧಾರದ ಮೇಲೆ ಆಗಬೇಕು, ಸಾಧನೆ ಬದಲಾದಾಗ ಮಗುವಿನ ಜಾಗವೂ ಬದಲಾಗಬೇಕು. ಸಂಘರ್ಷ ಸಿದ್ಧಾಂತ ಸರಿ ಇದ್ದರೆ ಗುಂಪುಗಳು ಮನೆಯ ಹಿನ್ನೆಲೆಯನ್ನು ಹಿಂಬಾಲಿಸಬೇಕು, ಒಮ್ಮೆ ಕೂತ ಜಾಗ ಗಟ್ಟಿಯಾಗಬೇಕು, ಅದನ್ನು ನ್ಯಾಯ ಎನ್ನುವ ನಂಬಿಕೆಯೂ ಹುಟ್ಟಬೇಕು. ಈಗ ಎರಡೂ ಒಂದೇ ಮೇಜಿನ ಮುಂದೆ ನಿಂತಿವೆ ನೋಡಿ.

ಚಾಕ್‌ಪೀಸು

ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮಲ್ಲಿ ಮಕ್ಕಳನ್ನು ಎತ್ತರ ನೋಡಿ ಕೂರಿಸ್ತೀವಿ, ಪ್ರತಿ ಸೋಮವಾರ ಸಾಲು ಬದಲಾಯಿಸ್ತೀವಿ. ಹಾಗಾದ್ರೆ ನನ್ನ ತರಗತಿಗೆ ಎರಡೂ ಸಿದ್ಧಾಂತ ಅನ್ವಯಿಸಲ್ಲ ಅಂತಾಯ್ತಲ್ಲ? ಶಿಕ್ಷಕರೆಲ್ಲ ಭೇದ ಮಾಡ್ತಾರೆ ಅನ್ನೋ ಧಾಟಿಯಲ್ಲಿ ಚರ್ಚೆ ಹೋಗ್ತಿರೋದು ನನಗೆ ಸರಿ ಕಾಣಲಿಲ್ಲ.

ತೇಜು_ಎಂಎ

ಮೇಡಂ, ಬೇಜಾರು ಮಾಡ್ಕೋಬೇಡಿ. ಜಾಗ ಬದಲಾಯಿಸಿದರೆ ಒಂದು ದಾರಿ ಮುಚ್ಚುತ್ತೆ, ಅದು ನಿಜ. ಆದರೆ ಗುಂಪು ಅನ್ನೋದು ಬೆಂಚಿನಲ್ಲೇ ಇರಬೇಕಿಲ್ಲ. ಯಾರಿಗೆ ಪ್ರಶ್ನೆ ಕೇಳ್ತೀವಿ, ಉತ್ತರ ಬರೋವರೆಗೆ ಯಾರಿಗೆ ಎಷ್ಟು ಹೊತ್ತು ಕಾಯ್ತೀವಿ, ಯಾರ ತಪ್ಪನ್ನು ತಿದ್ದಿ ಯಾರ ತಪ್ಪನ್ನು ಹಾಗೇ ಬಿಟ್ಟು ಮುಂದೆ ಹೋಗ್ತೀವಿ, ಇವೂ ಗುಂಪು ಮಾಡ್ತವೆ. ಕಣ್ಣಿಗೆ ಕಾಣಲ್ಲ ಅಷ್ಟೆ.

ನೆರಳುಬಳ್ಳಿ ಅವರು ಮೇಜು ಅಂದಾಗ ರಿಸ್ಟ್ ಅಧ್ಯಯನವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ ಅಂದ್ಕೊಂಡಿದ್ದೀನಿ. ಅವರೇ ಹೇಳಲಿ.

ನೆರಳುಬಳ್ಳಿ

ಹೌದು, ಅದೇ. ಚಾಕ್‌ಪೀಸು ಮೇಡಂ ಎತ್ತಿದ ಮಾತಿಗೂ ಅದರಲ್ಲಿ ಉತ್ತರ ಇದೆ, ಯಾಕೆಂದರೆ ಅಲ್ಲಿನ ಶಿಕ್ಷಕಿಯೂ ದ್ವೇಷದಿಂದ ಏನೂ ಮಾಡಿದವರಲ್ಲ.

ರೇ ರಿಸ್ಟ್ ಅಮೆರಿಕದ ಸೇಂಟ್ ಲೂಯಿಸ್ ನಗರದ ಒಂದು ಶಾಲೆಯಲ್ಲಿ ಶಿಶುತರಗತಿಯಿಂದ ಎರಡನೇ ತರಗತಿವರೆಗೆ ಒಂದೇ ಗುಂಪಿನ ಮಕ್ಕಳನ್ನು ಗಮನಿಸಿದ. ವರದಿ ಬಂದದ್ದು 1970ರಲ್ಲಿ, ಪಾರ್ಸನ್ಸ್ ಪ್ರಬಂಧ ಬಂದಿದ್ದ ಹಾರ್ವರ್ಡ್‌ನ ಶಿಕ್ಷಣ ಪತ್ರಿಕೆಯಲ್ಲೇ. ಮಕ್ಕಳೆಲ್ಲ ಕಪ್ಪು ಜನಾಂಗದವರು, ಶಿಕ್ಷಕಿಯೂ ಅದೇ ಜನಾಂಗದವರು. ಹಾಗಾಗಿ ಆ ಕೋಣೆಯೊಳಗಿನ ವ್ಯತ್ಯಾಸವನ್ನು ಬಣ್ಣದ ಲೆಕ್ಕಕ್ಕೆ ಹಾಕಿ ಮುಗಿಸಲಾಗದು.

ಶಾಲೆ ಶುರುವಾದ ಎಂಟನೇ ದಿನ ಶಿಕ್ಷಕಿ ಮಕ್ಕಳಿಗೆ ಕಾಯಂ ಜಾಗ ಕೊಟ್ಟರು. ಮೂರು ಮೇಜು. ಒಂದನೇ ಮೇಜು ಅವರಿಗೆ ಹತ್ತಿರ. ಆ ಎಂಟು ದಿನಗಳಲ್ಲಿ ಕಲಿಕೆ ಅಳೆಯುವ ಯಾವ ಪರೀಕ್ಷೆಯೂ ನಡೆದಿರಲಿಲ್ಲ. ಶಿಕ್ಷಕಿಯ ಬಳಿ ಇದ್ದದ್ದು ದಾಖಲಾತಿ ಅರ್ಜಿ, ಸರ್ಕಾರದ ನೆರವು ಪಡೆಯುವ ಕುಟುಂಬಗಳ ಪಟ್ಟಿ, ತಾಯಂದಿರೊಡನೆ ಆಡಿದ ಮಾತು, ಅಕ್ಕ ಅಣ್ಣಂದಿರ ಬಗ್ಗೆ ಶಾಲೆಯಲ್ಲಿದ್ದ ಅಭಿಪ್ರಾಯ. ಒಂದನೇ ಮೇಜಿಗೆ ಬಂದವರು ಒಳ್ಳೆಯ ಬಟ್ಟೆ ತೊಟ್ಟ, ಶಾಲೆಯ ಭಾಷೆಗೆ ಹತ್ತಿರದ ಭಾಷೆ ಆಡುವ, ಶಿಕ್ಷಕಿಯೊಡನೆ ಸಲೀಸಾಗಿ ಬೆರೆಯುವ ಮಕ್ಕಳು. ಎರಡು ಮತ್ತು ಮೂರನೇ ಮೇಜಿನಲ್ಲಿ ಹೆಚ್ಚು ಬಡ ಮನೆಗಳ ಮಕ್ಕಳು.

ಆಮೇಲೆ ಆದದ್ದನ್ನು ನಿಧಾನವಾಗಿ ಓದಿ. ಪಾಠ ಒಂದನೇ ಮೇಜಿನ ಕಡೆ ಮುಖ ಮಾಡಿ ನಡೆಯಿತು. ಉಳಿದವರಿಗೆ ಬೋರ್ಡೂ ಸರಿಯಾಗಿ ಕಾಣದು, ಪ್ರಶ್ನೆಯೂ ಅಷ್ಟಾಗಿ ಬರದು. ಒಂದನೇ ತರಗತಿಗೆ ಹೋದಾಗ ಹೊಸ ಶಿಕ್ಷಕಿ ಮತ್ತೆ ಮೂರು ಮೇಜು ಮಾಡಿದರು. ಹಿಂದೆ ಎರಡು, ಮೂರನೇ ಮೇಜಿನಲ್ಲಿದ್ದ ಒಂದು ಮಗುವೂ ಮೇಲಿನ ಮೇಜಿಗೆ ಬರಲಿಲ್ಲ. ಎರಡನೇ ತರಗತಿಯಲ್ಲಿ ಗುಂಪುಗಳಿಗೆ ಹುಲಿಗಳು, ಕಾರ್ಡಿನಲ್ ಹಕ್ಕಿಗಳು, ವಿದೂಷಕರು ಎಂದು ಹೆಸರಿಟ್ಟರು. ಯಾವುದು ಯಾವ ಗುಂಪು ಎಂದು ನಾನು ಹೇಳಬೇಕಿಲ್ಲ. ಆ ಹೊತ್ತಿಗೆ ಹಂಚಿಕೆಗೆ ಆಧಾರವಾಗಿ ಓದುವ ಪರೀಕ್ಷೆಯ ಅಂಕಗಳು ಬಂದಿದ್ದವು!

ಇಡೀ ಅಧ್ಯಯನದ ಗಂಟು ಈ ಅಂಕಗಳಲ್ಲಿದೆ. ಕಡಿಮೆ ಪಾಠ ಸಿಕ್ಕ ಮಗು ಕಡಿಮೆ ಕಲಿಯಿತು, ಕಡಿಮೆ ಕಲಿತದ್ದಕ್ಕೆ ಕಡಿಮೆ ಅಂಕ ಬಂತು, ಆ ಅಂಕ ಮೊದಲ ಅಂದಾಜು ಸರಿ ಎಂದು ಸಾಬೀತು ಮಾಡಿತು. ಎರಡನೇ ತರಗತಿಯ ಶಿಕ್ಷಕಿ ಪ್ರಾಮಾಣಿಕವಾಗಿಯೇ "ನಾನು ಅಂಕ ನೋಡಿ ಕೂರಿಸಿದ್ದೇನೆ" ಎನ್ನಬಹುದಿತ್ತು. ಬರೀ ಎರಡನೇ ತರಗತಿಯನ್ನು ನೋಡಿದ ಸಂಶೋಧಕನಿಗೆ ಪಾರ್ಸನ್ಸ್ ಹೇಳಿದ್ದೇ ಸರಿ ಎನಿಸುತ್ತಿತ್ತು. ಶಿಶುತರಗತಿಯವರೆಗೆ ಹಿಂದಕ್ಕೆ ಹೋದವನಿಗೆ ಮಾತ್ರ ಗಳಿಕೆಯ ಅಡಿಯಲ್ಲಿ ಹುಟ್ಟು ಕಾಣುತ್ತದೆ.

ಕೆಂಪುಶಾಯಿ

ಅಂದ್ರೆ ನಾನು ಹೇಳಿದ್ದೇ ಆಯ್ತಲ್ಲ. ಕಾರ್ಯವಾದ ಸೋತಿತು.

ತೇಜು_ಎಂಎ

ಅಷ್ಟು ಸುಲಭಕ್ಕೆ ಸೋಲಲ್ಲ. ರಾಬರ್ಟ್ ಮರ್ಟನ್ ಕೈಯಲ್ಲಿ ಕಾರ್ಯವಾದಕ್ಕೆ ಇದಕ್ಕೆ ತಯಾರಾದ ಉತ್ತರ ಇದೆ. 1949ರಲ್ಲೇ ಅವನು ವ್ಯವಸ್ಥೆಯ ಪ್ರತಿಯೊಂದು ಭಾಗವೂ ಇಡೀ ವ್ಯವಸ್ಥೆಗೆ ಉಪಯೋಗ ಅನ್ನೋದನ್ನು ಬಿಟ್ಟುಬಿಡಿ ಅಂದಿದ್ದ. ಒಂದು ಏರ್ಪಾಟು ಕೆಲವರಿಗೆ ಉಪಯೋಗ, ಕೆಲವರಿಗೆ ತೊಂದರೆ ಆಗಬಹುದು. ವ್ಯವಸ್ಥೆಗೆ ಹಾನಿಯನ್ನೂ ಮಾಡಬಹುದು. ಆ ಹಾನಿಗೆ ಅಪಕಾರ್ಯ ಅಂತೀವಿ. ಮರ್ಟನ್ ಕಡೆಯಿಂದ ನೋಡಿದರೆ ಮೂರು ಮೇಜು ಒಂದು ಅಪಕಾರ್ಯ: ಸಾಮರ್ಥ್ಯ ಹುಡುಕಬೇಕಾದ ಯಂತ್ರ ಬಟ್ಟೆ ನೋಡಿ ಹಂಚಿತು, ಚುರುಕಾದ ಬಡ ಮಗುವನ್ನು ಕಳಕೊಂಡಿತು. ಯಂತ್ರ ಕೆಟ್ಟಿದೆ, ರಿಪೇರಿ ಮಾಡಿ ಅಂತಾನೆ.

ಅಂದಹಾಗೆ ಒಂದು ಅಂದಾಜು ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತೆ ಅನ್ನೋ ವಿಚಾರವನ್ನು ಸಮಾಜಶಾಸ್ತ್ರದಲ್ಲಿ ಚಲಾವಣೆಗೆ ತಂದವನೂ ಮರ್ಟನ್ನೇ. ರಿಸ್ಟ್ ಬಳಸಿದ್ದು ಕಾರ್ಯವಾದಿಯ ಮನೆಯಿಂದ ತಂದ ಆಯುಧ!

ಮೊದಲ_ಸೆಮಿಸ್ಟರ್

ಈಗ ತಲೆ ಕೆಟ್ಟುಹೋಯ್ತು. ಕಾರ್ಯವಾದಿಯೂ "ಇದು ತಪ್ಪಾಗಿದೆ" ಅನ್ನಬಹುದಾದರೆ, ಸಂಘರ್ಷ ಸಿದ್ಧಾಂತಿಯೂ ಅದನ್ನೇ ಹೇಳ್ತಾನಲ್ಲ. ವ್ಯತ್ಯಾಸ ಏನು ಉಳಿಯಿತು?

ನೆರಳುಬಳ್ಳಿ

ಒಳ್ಳೆಯ ಪ್ರಶ್ನೆ. ನಿಮ್ಮ ಅಸೈನ್‌ಮೆಂಟಿನ ಮಧ್ಯಭಾಗ ಇದೇ ಆಗಲಿ.

ಒಂದು ತಕ್ಕಡಿ ಇದೆ ಎನ್ನಿ. ಒಮ್ಮೆ ಕೊಳ್ಳುವವನಿಗೆ ಲಾಭವಾಗುವ ಹಾಗೆ, ಇನ್ನೊಮ್ಮೆ ಮಾರುವವನಿಗೆ ಲಾಭವಾಗುವ ಹಾಗೆ ತಪ್ಪು ತೋರಿಸುತ್ತಿದ್ದರೆ ತಕ್ಕಡಿ ಕೆಟ್ಟಿದೆ ಎನ್ನುತ್ತೇವೆ. ತಪ್ಪೆಲ್ಲ ಸದಾ ಮಾರುವವನ ಕಡೆಗೇ ವಾಲುತ್ತಿದ್ದರೆ? ಆಗ ಕೆಟ್ಟಿದೆ ಎಂಬ ವಿವರಣೆ ಸಾಲದು. ಅದು ಯಾಕೆ ಇಷ್ಟು ದಿನ ರಿಪೇರಿಯಾಗಲಿಲ್ಲ, ರಿಪೇರಿ ಮಾಡಿಸುವ ಅಧಿಕಾರ ಯಾರದು ಎಂದು ಕೇಳಬೇಕಾಗುತ್ತದೆ.

ಮರ್ಟನ್ ಮಾದರಿಯ ಕಾರ್ಯವಾದಿ ಮೂರು ಮೇಜನ್ನು ವ್ಯವಸ್ಥೆ ತನ್ನ ಕೆಲಸ ಮಾಡುವಲ್ಲಿ ಎಡವಿದ್ದು ಎಂದು ಓದುತ್ತಾನೆ. ಸಂಘರ್ಷ ಸಿದ್ಧಾಂತಿ ಎಡವುವಿಕೆಯ ದಿಕ್ಕು ನೋಡುತ್ತಾನೆ. ತಪ್ಪು ಅಂದಾಜುಗಳಲ್ಲಿ ಸ್ಥಿತಿವಂತ ಮಕ್ಕಳು ಮೇಲಕ್ಕೂ ಬಡ ಮಕ್ಕಳು ಕೆಳಕ್ಕೂ ಹೋಗುವುದೇ ರೂಢಿಯಾಗಿದ್ದರೆ, ಈ ತಪ್ಪೇ ಯಾರದೋ ಪಾಲಿನ ಅನುಕೂಲ ಎನ್ನುತ್ತಾನೆ. ಪಾರ್ಸನ್ಸ್ ಹೇಳಿದ "ಸೋತವನೂ ನ್ಯಾಯ ಎಂದು ಒಪ್ಪಬೇಕು" ಎಂಬ ಮಾತು ಇಲ್ಲಿ ಮಗ್ಗುಲು ಬದಲಾಯಿಸುತ್ತದೆ. ಅವನಿಗೆ ಅದು ಸಮಾಜವನ್ನು ಹಿಡಿದಿಡುವ ಅಂಟು. ಇವನಿಗೆ ಅದು ದೂರು ಎತ್ತದಂತೆ ಮಾಡುವ ಮದ್ದು. ಸಂಗತಿ ಒಂದೇ.

ಪಾರ್ಸನ್ಸ್ ಇದನ್ನೆಲ್ಲ ಕಾಣದ ಮುಗ್ಧ ಎಂದುಕೊಳ್ಳಬೇಡಿ. ಅದೇ 1959ರ ಪ್ರಬಂಧದಲ್ಲಿ ಬಾಸ್ಟನ್ ಸುತ್ತಲಿನ ಪ್ರೌಢಶಾಲಾ ಹುಡುಗರ ಅಂಕಿಅಂಶ ಇದೆ. ಸಾಮರ್ಥ್ಯದಲ್ಲಿ ಎಲ್ಲರಿಗಿಂತ ಮೇಲಿನ ಐದನೇ ಒಂದು ಭಾಗದ ಹುಡುಗರನ್ನೇ ತೆಗೆದುಕೊಂಡರೂ ಕಾಲೇಜಿಗೆ ಹೋಗುತ್ತೇನೆ ಎಂದವರು ಕೂಲಿಕಾರರ ಮಕ್ಕಳಲ್ಲಿ 29%, ದೊಡ್ಡ ಹುದ್ದೆಯವರ ಮಕ್ಕಳಲ್ಲಿ 89%. ಸಾಮರ್ಥ್ಯ ಒಂದೇ, ಅಂತರ 60 ಅಂಶ. ಪಾರ್ಸನ್ಸ್ ಗಮನ ಹರಿಸಿದ್ದು ಸಾಮರ್ಥ್ಯವೂ ಲೆಕ್ಕಕ್ಕೆ ಬರುತ್ತದೆ ಎಂಬುದರ ಮೇಲೆ. ಅದೇ ಪಟ್ಟಿಯನ್ನು ಸಂಘರ್ಷ ಸಿದ್ಧಾಂತಿಯ ಕೈಗೆ ಕೊಟ್ಟರೆ ಅವನ ಬೆರಳು 29ರ ಮೇಲೆ ಹೋಗಿ ನಿಲ್ಲುತ್ತದೆ.

ಗಣಿತದವನು

ಈ ತಕ್ಕಡಿ ಮಾತು ನನಗೆ ಹಿಡಿಸಿತು. ಮೊದಲು ಹೇಳಿದ ಜಗಳದ ಮಾತು ವಾಪಸ್ ತಗೊಂಡೆ. ಆದರೆ ಒಂದು ಸಂಶಯ. ತಪ್ಪು ಒಂದೇ ದಿಕ್ಕಿಗೆ ವಾಲುತ್ತೆ ಅಂದ ಮಾತ್ರಕ್ಕೆ ಅದನ್ನು ಯಾರೋ ತಮ್ಮ ಹಿತಕ್ಕೆ ಕಾಯ್ದುಕೊಂಡಿದ್ದಾರೆ ಅಂತ ಆಗಲ್ಲ. ಮೂವತ್ತು ಪುಟ್ಟ ಮಕ್ಕಳು, ಒಬ್ಬರೇ ಟೀಚರ್. ಯಾರ ಜೊತೆ ಕೆಲಸ ಸಲೀಸೋ ಅವರನ್ನು ಹತ್ತಿರ ಕೂರಿಸಿಕೊಂಡಿರಬಹುದು. ಸೋಮಾರಿತನವೂ ಒಂದೇ ಕಡೆ ವಾಲುತ್ತೆ.

ತೇಜು_ಎಂಎ

ಸರಿಯಾದ ಆಕ್ಷೇಪ. ಅದಕ್ಕೇ ಎಷ್ಟೋ ಪಠ್ಯಗಳಲ್ಲಿ ರಿಸ್ಟ್ ಅಧ್ಯಯನವನ್ನು ಸಂಘರ್ಷ ಸಿದ್ಧಾಂತದ ಕೆಳಗೆ ಹಾಕದೆ, ಒಬ್ಬರಿಗೆ ಹಚ್ಚಿದ ಹೆಸರೇ ಅವರನ್ನು ಹಾಗೆ ಮಾಡುತ್ತೆ ಅನ್ನೋ ಹಣೆಪಟ್ಟಿ ಸಿದ್ಧಾಂತದ ಕೆಳಗೆ ಹಾಕ್ತಾರೆ. ಕೋಣೆಯೊಳಗೆ ಏನಾಯ್ತು ಅನ್ನೋದನ್ನು ಅದು ಚೆನ್ನಾಗಿ ತೋರಿಸುತ್ತೆ. ಕೋಣೆಯಾಚೆ ಯಾರ ಹಿತ ಅನ್ನೋದಕ್ಕೆ ಬೇರೆ ಸಾಕ್ಷ್ಯ ಬೇಕು. ನನ್ನ ಮಟ್ಟಿಗೆ ಈ ಪ್ರಶ್ನೆ ಮುಗಿದಿಲ್ಲ.

ನೆರಳುಬಳ್ಳಿ

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಶಿಕ್ಷಕಿಗೆ ಕೆಲಸ ಸಲೀಸು ಎನಿಸುವುದು ಕೆಲವು ಮಕ್ಕಳ ಜೊತೆ ಮಾತ್ರ ಯಾಕೆ? ಶಾಲೆಯ ಭಾಷೆ, ಶಾಲೆಯ ನಡೆನುಡಿ ಆ ಮಕ್ಕಳ ಮನೆಯದಕ್ಕೆ ಹತ್ತಿರ ಇರುವುದರಿಂದ. ಯಾರ ಮನೆಯ ನಡೆನುಡಿ ಶಾಲೆಯ ಅಳತೆಗೋಲಾಯಿತು ಎಂಬಲ್ಲಿ ಅಧಿಕಾರದ ಪ್ರಶ್ನೆ ಆಗಲೇ ಹೊಕ್ಕಿದೆ. ಆದರೆ ಗಣಿತದವರ ಆಕ್ಷೇಪದಿಂದ ಒಂದು ಪಾಠ ಕಲಿಯಬೇಕು, ಅದು ಎರಡೂ ಕಡೆಯವರಿಗೆ ಅನ್ವಯಿಸುತ್ತದೆ.

"ಸಮಾಜಕ್ಕೆ ಹಂಚಿಕೆ ಬೇಕು, ಅದಕ್ಕೇ ಶಾಲೆ ಹಂಚುತ್ತದೆ" ಎಂಬ ವಾಕ್ಯದಲ್ಲಿ ಒಂದು ಪೊಳ್ಳು ಇದೆ. ಬೇಕು ಎಂದ ಮಾತ್ರಕ್ಕೆ ಯಾವುದೂ ಹುಟ್ಟುವುದಿಲ್ಲ, ಹುಟ್ಟಿಸುವ ಕೈ ಬೇಕು. "ಬಂಡವಾಳಕ್ಕೆ ವಿಧೇಯರು ಬೇಕು, ಅದಕ್ಕೇ ಶಾಲೆ ವಿಧೇಯರನ್ನು ತಯಾರಿಸುತ್ತದೆ" ಎಂಬ ವಾಕ್ಯದಲ್ಲೂ ಅಷ್ಟೇ ಪೊಳ್ಳು ಇದೆ. ಸಮಾಜ ಎಂಬಲ್ಲಿ ಬಂಡವಾಳ ಎಂದು ಹಾಕಿದ್ದೇವೆ, ವಾದದ ಎಲುಬು ಬದಲಾಗಿಲ್ಲ. ಕೆಂಪುಶಾಯಿ ಅವರು ಮೊದಲು ಬರೆದ ಸಾಲುಗಳನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿದರೆ ಅವು ಎಷ್ಟು ಕಾರ್ಯವಾದಿ ಸಾಲುಗಳು ಎಂದು ಗೊತ್ತಾಗುತ್ತದೆ! ನಿಮ್ಮ ಬರಹದಲ್ಲಿ ಯಾವುದೇ "ಅದಕ್ಕೇ" ಬಂದಾಗ ನಿಲ್ಲಿ. ಯಾರು, ಯಾವಾಗ, ಯಾವ ಮಾಹಿತಿ ಇಟ್ಟುಕೊಂಡು ಎಂಬ ಮೂರಕ್ಕೆ ಉತ್ತರ ಇದೆಯೇ ನೋಡಿ. ರಿಸ್ಟ್ ಅಧ್ಯಯನದ ಬೆಲೆ ಇರುವುದು ಇಲ್ಲೇ. ಶಿಕ್ಷಕಿ, ಎಂಟನೇ ದಿನ, ನೆರವಿನ ಪಟ್ಟಿ.

ಕೆಂಪುಶಾಯಿ

ನನ್ನನ್ನು ಕಾರ್ಯವಾದಿ ಅಂದುಬಿಟ್ಟಿರಲ್ಲ, ಇರಲಿ. ಆ ಪೊಳ್ಳು ಇದೆ ಅಂತ ಒಪ್ತೀನಿ. ಆದರೆ ಎಂಟನೇ ದಿನದ ಶಿಕ್ಷಕಿ ಒಬ್ಬರನ್ನೇ ನೋಡ್ತಾ ಕೂತರೆ ಇಂಥದ್ದು ಊರೂರಲ್ಲಿ ಒಂದೇ ತರಹ ಯಾಕೆ ನಡೆಯುತ್ತೆ ಅನ್ನೋದು ತಪ್ಪಿಹೋಗುತ್ತೆ. ಅದನ್ನು ನಾನು ಬಿಟ್ಟುಕೊಡಲ್ಲ.

ತೇಜು_ಎಂಎ

ಇಬ್ಬರಿಗೂ ಸಿಕ್ಕದ ಇನ್ನೊಂದು ಕೇಸ್ ಇದೆ. ಪಾಲ್ ವಿಲ್ಲಿಸ್ 1977ರ ಪುಸ್ತಕದಲ್ಲಿ ಇಂಗ್ಲೆಂಡಿನ ಒಂದು ಕೈಗಾರಿಕಾ ಪಟ್ಟಣದ ಹನ್ನೆರಡು ಹುಡುಗರ ಬಗ್ಗೆ ಬರೀತಾನೆ. ಕಾರ್ಮಿಕರ ಮಕ್ಕಳು. ಅವರು ಹಂಚಿಕೆ ನ್ಯಾಯ ಅಂತ ಒಪ್ಪಲೂ ಇಲ್ಲ, ವಿಧೇಯರೂ ಆಗಲಿಲ್ಲ. ಪಾಠ ಕೇಳೋರನ್ನು ಗೇಲಿ ಮಾಡ್ತಾ, ಮೇಷ್ಟ್ರ ಕಣ್ಣು ತಪ್ಪಿಸ್ತಾ ಶಾಲೆ ಮುಗಿಸಿದರು. ಕೊನೆಗೆ ಸೇರಿದ್ದು ಅಪ್ಪಂದಿರು ಮಾಡ್ತಿದ್ದಂಥ ಕೆಲಸಗಳಿಗೇ. ಅಂದರೆ ಪಾರ್ಸನ್ಸ್ ಹೇಳಿದ ಒಪ್ಪಿಗೆ ಇಲ್ಲದೆಯೂ ಹಂಚಿಕೆ ನಡೀತು, ಬೋಲ್ಸ್ ಗಿಂಟಿಸ್ ಹೇಳಿದ ವಿಧೇಯತೆ ಇಲ್ಲದೆಯೂ ವರ್ಗ ಮರುಕಳಿಸಿತು. ಮೊದಲ ವರ್ಷದ ಉತ್ತರಕ್ಕೆ ಇದನ್ನು ಒಂದು ಪ್ಯಾರಾಕ್ಕಿಂತ ಹೆಚ್ಚು ಎಳೀಬೇಡಿ, ದಾರಿ ತಪ್ಪುತ್ತೆ.

ಚಾಕ್‌ಪೀಸು

ತೇಜು ಅವರು ಹೇಳಿದ್ದು ತಲೆಯಲ್ಲಿ ಉಳಿದಿದೆ, ಯಾರಿಗೆ ಪ್ರಶ್ನೆ ಕೇಳ್ತೀವಿ ಅನ್ನೋದು. ಅದನ್ನು ಅಳೆಯೋದು ಹೇಗೆ? ನನಗೂ ಬೇಕು, ಈ ಹುಡುಗಿಗೂ ಅಸೈನ್‌ಮೆಂಟಿಗೆ ಆಗಬಹುದು.

ನೆರಳುಬಳ್ಳಿ

ಕಾಗದದ ಮೇಲೆ ತರಗತಿಯ ನಕ್ಷೆ ಬರೆದುಕೊಳ್ಳಿ, ಪ್ರತಿ ಮಗುವಿಗೆ ಒಂದು ಚೌಕ. ಹೆಸರು ಬೇಡ, ಸಂಖ್ಯೆ ಸಾಕು. ಎಣಿಸುವವರು ಪಾಠ ಮಾಡುವವರಾಗಿರಬಾರದು, ಹಿಂದೆ ಕೂತ ಇನ್ನೊಬ್ಬರಾಗಿರಬೇಕು. ಎರಡನ್ನೂ ಒಟ್ಟಿಗೆ ಮಾಡಲಾಗುವುದಿಲ್ಲ. ಮಗುವಿಗೆ ಪ್ರಶ್ನೆ ಬಂದಾಗಲೆಲ್ಲ ಚೌಕದಲ್ಲಿ ಒಂದು ಗೆರೆ. ಮಗು ಕೈಯೆತ್ತಿದ್ದರಿಂದ ಕೇಳಿದ್ದಾದರೆ ನೆಟ್ಟ ಗೆರೆ, ಕೈಯೆತ್ತದಿದ್ದರೂ ಶಿಕ್ಷಕರೇ ಆರಿಸಿ ಕೇಳಿದ್ದಾದರೆ ಅಡ್ಡ ಗೆರೆ. ಇವೆರಡನ್ನು ಬೆರೆಸುವುದೇ ಎಲ್ಲರೂ ಮಾಡುವ ತಪ್ಪು. ಕೈಯೆತ್ತುವವರಿಗೆ ಹೆಚ್ಚು ಪ್ರಶ್ನೆ ಹೋಗುವುದು ಸಹಜ, ಅದರಿಂದ ಶಿಕ್ಷಕರ ಆಯ್ಕೆಯ ಬಗ್ಗೆ ಏನೂ ಹೇಳಲಾಗದು.

40 ಮಕ್ಕಳ ತರಗತಿಯಲ್ಲಿ ಹತ್ತು ಮಕ್ಕಳಿಗೆ 30ರಲ್ಲಿ 21 ಪ್ರಶ್ನೆ ಹೋದವು ಅಂದುಕೊಳ್ಳಿ. ಕಾಲು ಭಾಗ ಮಕ್ಕಳಿಗೆ ಮುಕ್ಕಾಲಿಗೆ ಹತ್ತಿರದಷ್ಟು ಪ್ರಶ್ನೆ. ಇಷ್ಟಕ್ಕೇ ಯಾವ ಸಿದ್ಧಾಂತವೂ ಗೆಲ್ಲುವುದಿಲ್ಲ. ಆ ಹತ್ತು ಜನ ಯಾರು ಎಂದು ನೋಡಬೇಕು. ಹಿಂದಿನ ಪರೀಕ್ಷೆಯಲ್ಲಿ ಮುಂದಿದ್ದವರೇ? ಮೊದಲ ವಾರದಿಂದ ಬದಲಾಗದ ಹತ್ತು ಜನವೇ? ಒಂದೇ ಪೀರಿಯಡ್ ನೋಡಿ ತೀರ್ಮಾನಕ್ಕೆ ಬರಬೇಡಿ, ಆ ದಿನದ ಪಾಠ ಯಾವುದು ಎಂಬುದರ ಮೇಲೆ ಎಣಿಕೆ ಏರುಪೇರಾಗುತ್ತದೆ. ಐದಾರು ಪೀರಿಯಡ್ ಬೇಕು, ಬೇರೆ ಬೇರೆ ವಿಷಯದವು. ಮೇಡಂ ಅವರ ತರಗತಿಯಲ್ಲಿ ಸೋಮವಾರ ಸಾಲು ಬದಲಾಗುವುದು ಇಲ್ಲಿ ಅನುಕೂಲ: ಸಾಲು ಬದಲಾದರೂ ಗೆರೆಗಳು ಅದೇ ಮಕ್ಕಳ ಹಿಂದೆ ಹೋದರೆ ಕಾರಣ ಜಾಗ ಅಲ್ಲ, ಮಗು. ಅದಕ್ಕೆ ಸಂಖ್ಯೆಯನ್ನು ಬೆಂಚಿಗೆ ಕೊಡದೆ ಮಗುವಿಗೆ ಕೊಡಿ.

ಇನ್ನೊಂದು ಎಚ್ಚರಿಕೆ. ಯಾವ ಮಗು ಬಡ ಮನೆಯದು ಎಂದು ಬಟ್ಟೆ ನೋಡಿ ನೀವೇ ಊಹಿಸಿ ಬರೆದುಕೊಳ್ಳಬೇಡಿ. ಎಂಟನೇ ದಿನ ಆ ಶಿಕ್ಷಕಿ ಮಾಡಿದ್ದನ್ನೇ ನೀವೂ ಮಾಡಿದ ಹಾಗಾಗುತ್ತದೆ. ಶಾಲೆಯ ಅನುಮತಿಯಿಂದ ಸರಿಯಾದ ಮಾಹಿತಿ ಸಿಗದಿದ್ದರೆ ಹಿನ್ನೆಲೆಯ ಮಾತನ್ನೇ ಬಿಟ್ಟು, ಹಂಚಿಕೆ ಎಷ್ಟು ಓರೆ ಮತ್ತು ಎಷ್ಟು ಗಟ್ಟಿ ಎಂಬುದನ್ನಷ್ಟೇ ಬರೆಯಿರಿ.

ಮೊದಲ_ಸೆಮಿಸ್ಟರ್

ಎಣಿಸೋಕೆ ಈ ಸಲ ಸಮಯ ಇಲ್ಲ, ರಿಸ್ಟ್ ಉದಾಹರಣೆ ತಗೊಂಡೇ ಬರೀತೀನಿ. ಶುರು ಹೀಗೆ ಮಾಡಿದ್ದೀನಿ:

"ಶಾಲೆಯ ಎಂಟನೇ ದಿನ ಶಿಕ್ಷಕಿ ಮಕ್ಕಳನ್ನು ಮೂರು ಮೇಜುಗಳಿಗೆ ಹಂಚಿದರು. ಕಾರ್ಯವಾದಿಯ ಪ್ರಕಾರ ಈ ಹಂಚಿಕೆ ಸಾಧನೆಯ ಮೇಲೆ ನಿಂತಿರಬೇಕಿತ್ತು. ಹಾಗೆ ಇಲ್ಲದ್ದರಿಂದ ಅವನು ಇದನ್ನು ಅಪಕಾರ್ಯ ಎನ್ನುತ್ತಾನೆ. ಸಂಘರ್ಷ ಸಿದ್ಧಾಂತಿ ತಪ್ಪು ಯಾವ ದಿಕ್ಕಿಗೆ ವಾಲಿತು ಎಂದು ಕೇಳುತ್ತಾನೆ. ಶಿಕ್ಷಕಿ ಬಡ ಮಕ್ಕಳನ್ನು ಹಿಂದೆ ಇಡಲು ಬಯಸಿದ್ದರಿಂದ ಹೀಗಾಯಿತು ಎಂಬುದು ಅವನ ಉತ್ತರ."

ಸರಿ ಇದೆಯಾ?

ನೆರಳುಬಳ್ಳಿ

ಮೊದಲ ನಾಲ್ಕು ವಾಕ್ಯ ಹಾಗೇ ಇರಲಿ. ಕೊನೆಯದನ್ನು ಹೊಡೆದುಹಾಕಿ. ಬಯಸಿದರು ಎಂಬುದಕ್ಕೆ ಸಾಕ್ಷ್ಯ ಇಲ್ಲ, ಆ ಸಿದ್ಧಾಂತಕ್ಕೆ ಅದು ಬೇಕಾಗಿಯೂ ಇಲ್ಲ. ಅಲ್ಲಿ ಶಿಕ್ಷಕಿಯ ಕೈಯಲ್ಲಿದ್ದ ಮಾಹಿತಿ ಯಾವುದು, ಎರಡನೇ ತರಗತಿಯ ಹೊತ್ತಿಗೆ ಅದು ಅಂಕದ ರೂಪ ತಾಳಿದ್ದು ಹೇಗೆ ಎಂದು ಎರಡು ವಾಕ್ಯ ಹಾಕಿ.

ಗಣಿತದವನು

ಗಟ್ಟಿಯಾಗಿ ಉಳಿಯಿತಾ ಅನ್ನೋದನ್ನೂ ಸೇರಿಸಿ. ಮೇಲಿನ ಮೇಜಿಗೆ ಒಬ್ಬರೂ ಬರಲಿಲ್ಲ ಅನ್ನೋ ಆ ಸಾಲು. ಇಡೀ ಕತೆಯಲ್ಲಿ ನನ್ನನ್ನು ಒಪ್ಪಿಸಿದ್ದು ಅದೊಂದೇ. ಸೋಮಾರಿತನದ ಆಕ್ಷೇಪ ಮಾತ್ರ ಹಾಗೇ ಇಟ್ಟುಕೊಂಡಿರ್ತೀನಿ.